ನೀರಿನ ಫೇಸ್ ಡಯಾಗ್ರಮ್: ಕುದಿಯುವ ಗೆರೆಯ ಎರಡು ತುದಿಗಳು

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ಮುಂಬೈಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ. ಪುಣೆ, ಹೈದರಾಬಾದಿನಲ್ಲಿ ಸುಮಾರು 98ಕ್ಕೇ ಕುದಿಯುತ್ತೆ. ಲೇಹ್‌ನಲ್ಲಿ 88ರ ಆಸುಪಾಸು, ಅದಕ್ಕೇ ಅಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸೋದು ಕಷ್ಟ. ಅದೇ ಮನೆಯ ಕುಕ್ಕರಿನೊಳಗೆ 120ರ ಹತ್ತಿರ ಹೋಗುತ್ತೆ. ನೀರು ಒಂದೇ. ಬದಲಾಗಿದ್ದು ಅದರ ಮೇಲಿನ ಒತ್ತಡ.

ಈಗ ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ಒತ್ತಡ ಇಟ್ಟು ಈ ನಾಲ್ಕು ಚುಕ್ಕೆಗಳನ್ನ ಹಾಕಿ ಸೇರಿಸಿ. ಬಂದಿದ್ದೇ ಕುದಿಯುವ ಗೆರೆ. ಅದರ ಮೇಲ್ಗಡೆ ನೀರು, ಕೆಳಗಡೆ ಆವಿ, ಸರಿಯಾಗಿ ಗೆರೆಯ ಮೇಲೆ ಎರಡೂ ಒಟ್ಟಿಗೆ. ಫೇಸ್ ಡಯಾಗ್ರಮ್ ಅಂದ್ರೆ ಇದರ ಜೊತೆ ಇನ್ನೆರಡು ಗೆರೆ ಅಷ್ಟೇ: ಐಸ್ ಮತ್ತು ನೀರಿನ ನಡುವೆ ಒಂದು, ಐಸ್ ಮತ್ತು ಆವಿಯ ನಡುವೆ ಒಂದು.

ಒಂದು ಎಚ್ಚರಿಕೆ. ಇದು ಬರೀ ನೀರಿನ ನಕ್ಷೆ, ಇದರಲ್ಲಿ ಗಾಳಿ ಇಲ್ಲ. "30 ಡಿಗ್ರಿಯಲ್ಲಿ ನೀರು ದ್ರವ ಅಂತ ತೋರಿಸುತ್ತೆ, ಹಾಗಾದ್ರೆ ಬಾಲ್ಕನಿಯಲ್ಲಿ ಬಟ್ಟೆ ಹೇಗೆ ಒಣಗುತ್ತೆ?" ಅಂತ ಕೇಳಬಹುದು. ಅಲ್ಲಿ ಲೆಕ್ಕಕ್ಕೆ ಬರೋದು ಗಾಳಿಯ ಪೂರ್ತಿ ಒತ್ತಡ ಅಲ್ಲ, ಗಾಳಿಯೊಳಗಿನ ನೀರಾವಿಯ ಪಾಲಿನ ಒತ್ತಡ. ಆ ಪಾಲು ಕುದಿಯುವ ಗೆರೆಗಿಂತ ಕೆಳಗಿರೋ ತನಕ ಬಟ್ಟೆ ಒಣಗ್ತಾನೇ ಇರುತ್ತೆ. ಮುಂಬೈ ಮಳೆಗಾಲದಲ್ಲಿ ಪಾಲು ಗೆರೆಯ ಹತ್ತಿರಕ್ಕೇ ಬಂದುಬಿಡುತ್ತೆ, ಹಾಗಾಗಿ ಎರಡು ದಿನ ಆದ್ರೂ ಬಟ್ಟೆ ಒಣಗಲ್ಲ.

ಈಗ ಗೆರೆ ಹಿಡಿದು ಕೆಳಗೆ ಇಳಿಯೋಣ. ಒಂದು ಗಾಜಿನ ಜಾಡಿಯಲ್ಲಿ ಸ್ವಲ್ಪ ನೀರಿಟ್ಟು ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೀತಾ ಹೋದ್ರೆ, ರೂಮಿನ ಬಿಸಿಯಲ್ಲೇ ನೀರು ಕುದಿಯೋಕೆ ಶುರುವಾಗುತ್ತೆ. ಕೆಳಗೆ ಒಲೆ ಇಲ್ಲವಲ್ಲ, ಕುದಿಯೋಕೆ ಬೇಕಾದ ಶಾಖವನ್ನ ನೀರು ತನ್ನೊಳಗಿಂದಲೇ ತಗೊಳ್ಳುತ್ತೆ. ಹಾಗಾಗಿ ಕುದಿಯುತ್ತಾ ಕುದಿಯುತ್ತಾ ತಣ್ಣಗಾಗುತ್ತೆ. ಒತ್ತಡ 611 ಪ್ಯಾಸ್ಕಲ್‌ಗೆ, ಅಂದ್ರೆ ವಾತಾವರಣದ ಒತ್ತಡದ ಸುಮಾರು 165ನೇ ಒಂದು ಪಾಲಿಗೆ ಇಳಿದಾಗ, ತಾಪಮಾನ 0.01 ಡಿಗ್ರಿ ಮುಟ್ಟಿರುತ್ತೆ. ಅಲ್ಲಿ ಕುದಿಯುವ ನೀರಿನ ಮೇಲೇ ಐಸ್ ಕಟ್ಟುತ್ತೆ! ಮೂರು ಗೆರೆಗಳೂ ಸೇರುವ ಟ್ರಿಪಲ್ ಪಾಯಿಂಟ್ ಇದೇ. ಇದಕ್ಕಿಂತ ಕಡಿಮೆ ಒತ್ತಡದಲ್ಲಿ ಐಸ್ ಬಿಸಿ ಮಾಡಿದ್ರೆ ನೀರಾಗದೆ ನೇರ ಆವಿಯಾಗುತ್ತೆ. ಫ್ರೀಜ್ ಡ್ರೈ ಮಾಡಿದ ಕಾಫಿ ಪುಡಿ ತಯಾರಾಗೋದು ಹೀಗೆ.

ಗಮನಿಸಿ, ಇದು 0 ಅಲ್ಲ, 0.01. ಲೋಟದಲ್ಲಿ ಐಸ್ ಹಾಕಿದ ನೀರಿನ ಮೇಲೆ ಒಂದು ವಾತಾವರಣದಷ್ಟು ಗಾಳಿ ಒತ್ತುತ್ತಿರುತ್ತೆ, ಒಳಗೆ ಸ್ವಲ್ಪ ಗಾಳಿ ಕರಗಿಯೂ ಇರುತ್ತೆ. ಇವೆರಡೂ ಸೇರಿ ಕರಗುವ ಬಿಂದುವನ್ನ ನೂರನೇ ಒಂದು ಡಿಗ್ರಿಯಷ್ಟು ಕೆಳಗೆ ತಳ್ಳುತ್ತವೆ. ಟ್ರಿಪಲ್ ಪಾಯಿಂಟ್ ಹಾಗೆ ಊರಿಂದ ಊರಿಗೆ ಅಲುಗಾಡಲ್ಲ. ಗಾಳಿ ತೆಗೆದು ಮುಚ್ಚಿದ ಗಾಜಿನ ಕೊಳವೆಯಲ್ಲಿ ಐಸ್, ನೀರು, ಆವಿ ಮೂರೂ ಇದ್ದರೆ ಅದು 0.01 ಡಿಗ್ರಿಯೇ. ಅದಕ್ಕೇ 2019ರವರೆಗೆ ಕೆಲ್ವಿನ್ ಮಾನದ ವ್ಯಾಖ್ಯೆಯೇ ಇದಾಗಿತ್ತು: ಈ ಬಿಂದು 273.16 ಕೆಲ್ವಿನ್. ವ್ಯಾಖ್ಯೆ ಬದಲಾದ ಮೇಲೂ ಥರ್ಮಾಮೀಟರ್ ಪರೀಕ್ಷಿಸೋ ಲ್ಯಾಬ್‌ಗಳು ಇದೇ ಕೊಳವೆ ಬಳಸ್ತಾವೆ.

ಇನ್ನು ಮೇಲಿನ ತುದಿ. ಗಟ್ಟಿ ಗೋಡೆಯ ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸ್ತಾ ಹೋದ್ರೆ ಎರಡು ಕೆಲಸ ಒಟ್ಟಿಗೆ ನಡೆಯುತ್ತೆ. ನೀರು ಹಿಗ್ಗಿ ಹಗುರಾಗುತ್ತೆ. ಮೇಲಿನ ಆವಿ ಒತ್ತಿ ಒತ್ತಿ ದಟ್ಟವಾಗುತ್ತೆ. 374 ಡಿಗ್ರಿ, 218 ವಾತಾವರಣದ ಒತ್ತಡ ಬಂದಾಗ ಎರಡರ ಸಾಂದ್ರತೆಯೂ ಒಂದೇ, ಲೀಟರಿಗೆ ಸುಮಾರು 320 ಗ್ರಾಂ. ಪಾತ್ರೆಗೆ ಹಾಕಿದ ನೀರಿನ ಪ್ರಮಾಣ ಅದಕ್ಕೆ ಸರಿಹೊಂದಿದ್ದರೆ, ನೀರು ಮತ್ತು ಆವಿಯ ನಡುವಿನ ಅಂಚು ಮಸುಕಾಗಿ ಕಾಣೆಯಾಗುತ್ತೆ. ಕುದಿಯುವ ಗೆರೆ ಅಲ್ಲಿಗೆ ಮುಗೀತು. ಇದೇ ಕ್ರಿಟಿಕಲ್ ಪಾಯಿಂಟ್. ಅದರಾಚೆ ಕುದಿಯೋದು ಅನ್ನೋದೇ ಇಲ್ಲ.

ನಮ್ಮ ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರ ಕೆಲಸ ಮಾಡೋದು ಈ ಗೆರೆಯಾಚೆಯೇ. ಅದು ಸೂಪರ್‌ಕ್ರಿಟಿಕಲ್ ಸ್ಥಾವರ. ಹಳೇ ಮಾದರಿ ಬಾಯ್ಲರುಗಳಲ್ಲಿ ನೀರಿನಿಂದ ಹಬೆ ಬೇರ್ಪಡಿಸೋಕೆ ದೊಡ್ಡ ಉಕ್ಕಿನ ಡ್ರಮ್ ಇರುತ್ತೆ. ಸೂಪರ್‌ಕ್ರಿಟಿಕಲ್‌ನಲ್ಲಿ ಬೇರ್ಪಡಿಸೋಕೆ ಎರಡು ವಸ್ತುವೇ ಇಲ್ಲ, ಹಾಗಾಗಿ ಡ್ರಮ್ಮೂ ಇಲ್ಲ. ಆದ್ರೆ ಸ್ಟಾರ್ಟ್ ಮಾಡುವಾಗ ಒತ್ತಡ ಇನ್ನೂ ಕಡಿಮೆ, ನಕ್ಷೆಯಲ್ಲಿ ಗೆರೆ ಇರೋ ಜಾಗದಲ್ಲೇ ಬಾಯ್ಲರ್ ಇರುತ್ತೆ. ಅಷ್ಟು ಹೊತ್ತಿಗೆ ಅಂತ ಒಂದು ಸಣ್ಣ ಸೆಪರೇಟರ್ ಇಟ್ಟಿರ್ತಾರೆ.

ಪಠ್ಯಪುಸ್ತಕದ ಚಿತ್ರ ನೋಡುವಾಗ ಕೊನೆಯದೊಂದು ಮಾತು. ಉದ್ದದ ಅಕ್ಷದಲ್ಲಿ ಒಂದೊಂದು ಮೆಟ್ಟಿಲೂ ಸಾಮಾನ್ಯವಾಗಿ ಹತ್ತು ಪಟ್ಟು. ಇಲ್ಲದಿದ್ದರೆ 611 ಪ್ಯಾಸ್ಕಲ್, 2.2 ಕೋಟಿ ಪ್ಯಾಸ್ಕಲ್ ಎರಡನ್ನೂ ಒಂದೇ ಹಾಳೆಯಲ್ಲಿ ಕಾಣಿಸೋಕಾಗಲ್ಲ. ಅಕ್ಷ ಮೊದಲು ಓದಿ, ಆಮೇಲೆ ಗೆರೆ ನೋಡಿ. ಮುಂದಿನ ವಾರ ಸಿಗೋಣ.