ಮೂಲೆ ಕತ್ತರಿಸಿದ ತಗಡು ಮತ್ತು ಸೂತ್ರದ ಎಲ್ಲೆ

ಆಯತಾಕಾರದ ತಗಡಿನ ನಾಲ್ಕು ಮೂಲೆಗಳಲ್ಲಿ ಒಂದೇ ಅಳತೆಯ ಚೌಕಗಳನ್ನು ಕತ್ತರಿಸಿ ತೆಗೆದು, ಉಳಿದ ನಾಲ್ಕು ಅಂಚುಗಳನ್ನು ಮೇಲಕ್ಕೆ ಮಡಿಸಿದರೆ ಮುಚ್ಚಳವಿಲ್ಲದ ಪೆಟ್ಟಿಗೆಯೊಂದು ಸಿದ್ಧವಾಗುತ್ತದೆ. ಕತ್ತರಿಸುವ ಚೌಕ ತೀರ ಚಿಕ್ಕದಾದರೆ ಪೆಟ್ಟಿಗೆ ತಟ್ಟೆಯಷ್ಟು ಆಳವಿಲ್ಲದ್ದಾಗುತ್ತದೆ, ತೀರ ದೊಡ್ಡದಾದರೆ ಆಳವಿದ್ದರೂ ತಳ ಕಿರಿದಾಗುತ್ತದೆ. ಈ ಎರಡರ ನಡುವೆ ಎಲ್ಲಿ ಕತ್ತರಿಸಿದರೆ ಪೆಟ್ಟಿಗೆ ಅತಿ ಹೆಚ್ಚು ಹಿಡಿಸುತ್ತದೆ ಎಂಬುದು ಕಲನಶಾಸ್ತ್ರದ ಹಳೆಯ ಪ್ರಶ್ನೆ. ಎನ್‌ಸಿಇಆರ್‌ಟಿಯ 12ನೇ ತರಗತಿಯ ಗಣಿತ ಪುಸ್ತಕದಲ್ಲಿ ಇದೇ ಪ್ರಶ್ನೆ 45 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲದ ತಗಡಿನ ರೂಪದಲ್ಲಿ ಬಂದಿದೆ. ಅದರ ಉತ್ತರ ಒಂದೇ ಸಂಖ್ಯೆಯಾದರೂ, ಆ ಸಂಖ್ಯೆ ಸರಿಯೆಂದು ಹೇಳುವ ಅಧಿಕಾರ ಬರುವುದು ಚೌಕದ ಅಳತೆ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬುದನ್ನು ಮೊದಲೇ ನಿಗದಿಮಾಡಿಕೊಂಡಾಗ ಮಾತ್ರ.

ಕತ್ತರಿಸುವ ಚೌಕದ ಬಾಹು x ಸೆಂ.ಮೀ. ಎಂದಿಟ್ಟುಕೊಂಡರೆ ಪೆಟ್ಟಿಗೆಯ ಎತ್ತರವೂ x ಆಗುತ್ತದೆ. ಪ್ರತಿ ಅಂಚಿನ ಎರಡೂ ತುದಿಗಳಲ್ಲಿ ಒಂದೊಂದು ಚೌಕ ಹೋಗುವುದರಿಂದ ತಳದ ಉದ್ದ 45 − 2x, ಅಗಲ 24 − 2x ಆಗುತ್ತದೆ. ಪೆಟ್ಟಿಗೆ ಹಿಡಿಸುವ ಪ್ರಮಾಣ, ಅಂದರೆ ಘನಫಲ, ಈ ಮೂರರ ಗುಣಲಬ್ಧ:

V = x(45 − 2x)(24 − 2x)

ಇಲ್ಲಿ ಎತ್ತರ, ಉದ್ದ ಮತ್ತು ಅಗಲ ಮೂರೂ ಧನಸಂಖ್ಯೆಗಳಾಗಿರಬೇಕು. ಎತ್ತರ ಧನವಾಗಲು x ಸೊನ್ನೆಗಿಂತ ಹೆಚ್ಚಿರಬೇಕು, ಉದ್ದ ಧನವಾಗಲು 22.5ಕ್ಕಿಂತ ಕಡಿಮೆಯಿರಬೇಕು, ಅಗಲ ಧನವಾಗಲು 12ಕ್ಕಿಂತ ಕಡಿಮೆಯಿರಬೇಕು. ಮೂರು ಷರತ್ತುಗಳೂ ಒಟ್ಟಿಗೆ ಪೂರೈಸುವುದು x ಎಂಬುದು 0 ಮತ್ತು 12ರ ನಡುವೆ ಇದ್ದಾಗ ಮಾತ್ರವಾದ್ದರಿಂದ, ತಗಡಿನ ಚಿಕ್ಕ ಬದಿಯ ಅರ್ಧವೇ ಇಲ್ಲಿ ಎಲ್ಲೆಯಾಗಿ ನಿಲ್ಲುತ್ತದೆ. ಸೂತ್ರದಲ್ಲಿ ಇಡಲು ಅರ್ಹವಾದ ಬೆಲೆಗಳ ಇಂಥ ಸಮೂಹವನ್ನು ಗಣಿತದಲ್ಲಿ ಆ ಸೂತ್ರದ ಕ್ಷೇತ್ರ ಎನ್ನುತ್ತಾರೆ.

ಈ ಕ್ಷೇತ್ರದೊಳಗೆ ಘನಫಲ ಹೇಗೆ ಏರಿಳಿಯುತ್ತದೆ ಎಂಬುದನ್ನು ತಿಳಿಯಲು ಚೌಕವನ್ನು ಕೂದಲೆಳೆಯಷ್ಟು ಹೆಚ್ಚಿಸಿದರೆ ಏನಾಗುತ್ತದೆ ಎಂದು ನೋಡಬೇಕು. ಎತ್ತರ ಸ್ವಲ್ಪ ಹೆಚ್ಚುವುದರಿಂದ ತಳದಷ್ಟೇ ವಿಸ್ತೀರ್ಣದ ತೆಳು ಪದರವೊಂದು ಮೇಲೆ ಸೇರುತ್ತದೆ. ಅದೇ ಹೊತ್ತಿಗೆ ನಾಲ್ಕೂ ಗೋಡೆಗಳು ಅಷ್ಟೇ ದೂರ ಒಳಕ್ಕೆ ಸರಿಯುವುದರಿಂದ ಗೋಡೆಗಳ ವಿಸ್ತೀರ್ಣದಷ್ಟು ತೆಳು ಪದರ ನಷ್ಟವಾಗುತ್ತದೆ. ಆದ್ದರಿಂದ ತಳದ ವಿಸ್ತೀರ್ಣ ಗೋಡೆಗಳ ಒಟ್ಟು ವಿಸ್ತೀರ್ಣಕ್ಕಿಂತ ಹೆಚ್ಚಿರುವವರೆಗೆ ಇನ್ನಷ್ಟು ಕತ್ತರಿಸುವುದು ಲಾಭ, ಕಡಿಮೆಯಾದ ಮೇಲೆ ನಷ್ಟ, ಎರಡೂ ಸಮವಾದಲ್ಲಿ ಘನಫಲ ತನ್ನ ಗರಿಷ್ಠವನ್ನು ಮುಟ್ಟುತ್ತದೆ. 4 ಸೆಂ.ಮೀ. ಕತ್ತರಿಸಿದಾಗ ತಳ 37 × 16, ಅಂದರೆ 592 ಚದರ ಸೆಂ.ಮೀ. ಇದ್ದು, ಗೋಡೆಗಳು ಒಟ್ಟು 424 ಚದರ ಸೆಂ.ಮೀ. ಇರುತ್ತವೆ, 6 ಸೆಂ.ಮೀ. ಕತ್ತರಿಸಿದಾಗ ತಳ 396ಕ್ಕೆ ಇಳಿದು ಗೋಡೆಗಳು 540ಕ್ಕೆ ಏರುತ್ತವೆ. ನಡುವಿನ 5 ಸೆಂ.ಮೀ.ನಲ್ಲಿ ತಳ 35 × 14, ಗೋಡೆಗಳು 2 × 5 × (35 + 14); ಎರಡೂ ಸರಿಯಾಗಿ 490. ಆಗ ಘನಫಲ 2450 ಘನ ಸೆಂ.ಮೀ., ಅಂದರೆ ಸುಮಾರು ಎರಡೂವರೆ ಲೀಟರು. ಕತ್ತರಿಸುವವರ ಕೈ ಅರ್ಧ ಸೆಂ.ಮೀ.ನಷ್ಟು ಅತ್ತಿತ್ತ ಸರಿದರೂ ಘನಫಲ 2430ರ ಆಸುಪಾಸಿನಲ್ಲೇ ಉಳಿಯುವುದರಿಂದ ನಷ್ಟ ಶೇ. 1ಕ್ಕಿಂತ ಕಡಿಮೆ.

ಘನಫಲದ ಬದಲಾವಣೆಯ ದರ ಎಂದರೆ ತಳದ ವಿಸ್ತೀರ್ಣದಿಂದ ಗೋಡೆಗಳ ವಿಸ್ತೀರ್ಣವನ್ನು ಕಳೆದಾಗ ಉಳಿಯುವುದೇ. ಅದನ್ನು ಬಿಡಿಸಿ ಬರೆದರೆ 12(x − 5)(x − 18) ಎಂದಾಗುತ್ತದೆ. ದರವನ್ನು ಸೊನ್ನೆಗೆ ಸಮೀಕರಿಸಿದಾಗ 5ರ ಜೊತೆಗೆ 18 ಎಂಬ ಇನ್ನೊಂದು ಉತ್ತರವೂ ಬರುವುದು ಇದರಿಂದಲೇ. 24 ಸೆಂ.ಮೀ. ಅಗಲದ ತಗಡಿನ ಒಂದೇ ಬದಿಯ ಎರಡು ತುದಿಗಳಲ್ಲಿ 18 ಸೆಂ.ಮೀ.ನ ಎರಡು ಚೌಕಗಳನ್ನು ಕತ್ತರಿಸುವುದು ಅಸಾಧ್ಯ. ಆದರೂ ಸೂತ್ರ ಸುಮ್ಮನಿರದೆ ಉದ್ದ 9, ಅಗಲ −12, ಘನಫಲ −1944 ಎಂದು ಲೆಕ್ಕ ಒಪ್ಪಿಸುತ್ತದೆ. ಋಣ ಘನಫಲ ಕಂಡೊಡನೆ ಏನೋ ತಪ್ಪಿದೆಯೆಂದು ಓದುಗರಿಗೆ ತಿಳಿಯುತ್ತದೆ, ಹಾಗಾಗಿ 18ನ್ನು ಕೈಬಿಡುವುದು ಕಷ್ಟವೇನಲ್ಲ.

ನಿಜವಾದ ಅಪಾಯ ಇರುವುದು ಅದರ ಆಚೆಗೆ. x ಎಂಬುದು 22.5ನ್ನು ದಾಟಿದ ಮೇಲೆ ಉದ್ದವೂ ಅಗಲವೂ ಎರಡೂ ಋಣವಾಗುತ್ತವೆ, ಎರಡು ಋಣಗಳ ಗುಣಲಬ್ಧ ಧನವಾಗುತ್ತದೆ. x = 25 ಎಂದಿಟ್ಟರೆ ಸೂತ್ರ 3250 ಎನ್ನುತ್ತದೆ, x = 30 ಎಂದಿಟ್ಟರೆ 16200 ಎನ್ನುತ್ತದೆ, ಮುಂದಕ್ಕೆ ಹೋದಷ್ಟೂ ಬೆಲೆ ಮಿತಿಯಿಲ್ಲದೆ ಬೆಳೆಯುತ್ತದೆ. ಇಲ್ಲಿ ಎಚ್ಚರಿಸಲು ಋಣ ಚಿಹ್ನೆಯೂ ಇಲ್ಲ. ಘನಫಲ ಮಾತ್ರ ಧನವಾಗಿದ್ದರೆ ಸಾಕೆಂದು ಪರೀಕ್ಷಿಸಿದವರಿಗೆ 2450 ಗರಿಷ್ಠವೇ ಅಲ್ಲವೆಂದು ತೋರುತ್ತದೆ. ಕ್ಷೇತ್ರವನ್ನು ಹೇಳದೆ ಬಿಟ್ಟರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಆದ್ದರಿಂದ ಗುಣಲಬ್ಧವನ್ನಷ್ಟೇ ನೋಡದೆ ಮೂರು ಅಳತೆಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಇನ್ನೊಂದು ತಪ್ಪು ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಬದಲಾವಣೆಯ ದರ ಸೊನ್ನೆಯಾಗುವಲ್ಲಿ ಗರಿಷ್ಠವನ್ನು ಹುಡುಕುವ ಕ್ರಮಕ್ಕೆ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯೆರ್ ದ ಫರ್ಮಾ ಅಡಿಪಾಯ ಹಾಕಿದ. ಆದರೆ ಆ ಕ್ರಮ ಕ್ಷೇತ್ರದ ಒಳಗಿನ ಬಿಂದುಗಳಿಗೆ ಮಾತ್ರ ಅನ್ವಯಿಸುತ್ತದೆ, ತುದಿಗಳಿಗಲ್ಲ. ಪೆಟ್ಟಿಗೆಯಲ್ಲಿ ಇಡಬೇಕಾದ ವಸ್ತುವಿಗೆ ತಳದ ಅಗಲ ಕನಿಷ್ಠ 16 ಸೆಂ.ಮೀ. ಬೇಕೆಂಬ ಷರತ್ತು ಸೇರಿದರೆ 24 − 2x ಎಂಬುದು 16ಕ್ಕಿಂತ ಕಡಿಮೆಯಾಗಬಾರದು, ಅಂದರೆ x ಎಂಬುದು 4ನ್ನು ಮೀರಬಾರದು. ಈಗ 5 ಎಂಬ ಉತ್ತರ ಕ್ಷೇತ್ರದ ಹೊರಗೆ ಬೀಳುತ್ತದೆ. ಸೊನ್ನೆಯಿಂದ 4ರವರೆಗೆ ಘನಫಲ ಏರುತ್ತಲೇ ಇರುವುದರಿಂದ ಅತಿ ದೊಡ್ಡ ಪೆಟ್ಟಿಗೆ ದೊರೆಯುವುದು 4 ಸೆಂ.ಮೀ. ಎಂಬ ತುದಿಯಲ್ಲೇ, ಅದರ ಘನಫಲ 2368, ಅಲ್ಲಿ ಬದಲಾವಣೆಯ ದರ ಸೊನ್ನೆಯಲ್ಲ, 168. ತಗಡು ಅದೇ, ಸೂತ್ರವೂ ಅದೇ. ಕ್ಷೇತ್ರ ಬದಲಾದದ್ದರಿಂದ ಉತ್ತರ ಬದಲಾಯಿತು.

ಬೇರೆ ಅಳತೆಯ ತಗಡುಗಳಲ್ಲೂ ಎರಡು ಉತ್ತರಗಳ ಸ್ಥಾನ ಇದೇ ಕ್ರಮದಲ್ಲಿರುತ್ತದೆ. ಉದ್ದ a, ಅಗಲ b ಇದ್ದು a ದೊಡ್ಡದಾಗಿದ್ದರೆ ಬದಲಾವಣೆಯ ದರ 12x² − 4(a + b)x + ab. ಇದರಲ್ಲಿ x ಜಾಗದಲ್ಲಿ b/2 ಇಟ್ಟರೆ b(b − a) ಎಂಬ ಋಣಸಂಖ್ಯೆ ಬರುತ್ತದೆ, ಸೊನ್ನೆ ಇಟ್ಟರೆ ab ಎಂಬ ಧನಸಂಖ್ಯೆ ಬರುತ್ತದೆ. ಆದ್ದರಿಂದ ಒಂದು ಉತ್ತರ ಕ್ಷೇತ್ರದೊಳಗೆ ಇದ್ದೇ ಇರುತ್ತದೆ, ಇನ್ನೊಂದು ಅದರ ಆಚೆಗೇ ಬೀಳುತ್ತದೆ. ತಗಡು ಚೌಕಾಕಾರವಾಗಿದ್ದರೆ ಎರಡನೆಯ ಉತ್ತರ ಸರಿಯಾಗಿ ಎಲ್ಲೆಯ ಮೇಲೆ ಬಂದು ಸೊನ್ನೆ ಘನಫಲ ಕೊಡುತ್ತದೆ, ಸರಿಯಾದ ಉತ್ತರ ಬದಿಯ ಆರನೇ ಒಂದು ಭಾಗವಾಗುತ್ತದೆ. ತಗಡು ಉದ್ದವಾದಂತೆಲ್ಲ ಸರಿಯಾದ ಉತ್ತರ ಚಿಕ್ಕ ಬದಿಯ ಕಾಲುಭಾಗದತ್ತ ಸರಿಯುತ್ತದೆಯೇ ಹೊರತು ಅದನ್ನು ಎಂದೂ ಮುಟ್ಟುವುದಿಲ್ಲ. ಹೀಗಾಗಿ ಬೇರೆ ಷರತ್ತುಗಳಿಲ್ಲದ ಲೆಕ್ಕದಲ್ಲಿ ದೊರೆತ ಬೆಲೆ ಚಿಕ್ಕ ಬದಿಯ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅಥವಾ ಕಾಲುಭಾಗವನ್ನು ಮುಟ್ಟಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆಯೆಂದೇ ತಿಳಿದು ಮತ್ತೊಮ್ಮೆ ಮಾಡಬೇಕು.