ಲೆಹೆಂಗಾದ ಒಳಮಗ್ಗುಲು

ಮುಹೂರ್ತಕ್ಕೆ ರೇಷ್ಮೆ ಸೀರೆ, ಸಂಜೆಯ ರಿಸೆಪ್ಷನ್‌ಗೆ ಲೆಹೆಂಗಾ ಎಂಬ ಲೆಕ್ಕ ಈಗ ಬೆಂಗಳೂರಿನ ಮದುವೆಗಳಲ್ಲಿ ಮಾಮೂಲು. ಸೀರೆಯಾದರೆ ಮುಂದಿನ ಹಬ್ಬಕ್ಕೂ ಉಡಬಹುದು, ನಾದಿನಿಗೂ ಕೊಡಬಹುದು. ಜರ್ದೋಸಿ ಹೊತ್ತ ಲೆಹೆಂಗಾ ಮಾತ್ರ ಒಂದು ಸಂಜೆ ಮೆರೆದು ಬೀರು ಸೇರುತ್ತದೆ. ಅದನ್ನು ಮಾರಲು ಹೊರಟವರು ಸಾಮಾನ್ಯವಾಗಿ ಮದುವೆ ಆಲ್ಬಮ್ಮಿನ ಒಂದು ಫೋಟೋ ಹಾಕಿ, ಕೆಳಗೆ ‘ಒಮ್ಮೆ ಮಾತ್ರ ಉಟ್ಟಿದ್ದು, ಹೊಸದರಂತಿದೆ, ಸೈಜ್ ಎಂ’ ಎಂದು ಬರೆಯುತ್ತಾರೆ. ಕೊಳ್ಳುವವಳಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅಳತೆ ಕೊಟ್ಟು ಹೊಲಿಸಿದ ಬಟ್ಟೆಗೆ ಎಂ, ಎಲ್ ಅನ್ನುವುದಕ್ಕೆ ಅರ್ಥವೇ ಇಲ್ಲ.

ಅವಳಿಗೆ ಬೇಕಾದ ಉತ್ತರಗಳೆಲ್ಲ ಲೆಹೆಂಗಾದ ಒಳಮಗ್ಗುಲಲ್ಲಿವೆ. ಹಾಗಾಗಿ ಮಾರುವವರ ಮೊದಲ ಕೆಲಸ ಬಟ್ಟೆಯನ್ನು ತಿರುವಿ ಹಾಸಿ, ಕಿಟಕಿಯ ಬೆಳಕಿನಲ್ಲಿ ನೋಡುವುದು.

ಗೆಳತಿಯೊಬ್ಬಳ ಮೆರೂನ್ ರಾ ಸಿಲ್ಕ್ ಲೆಹೆಂಗಾವನ್ನೇ ತೆಗೆದುಕೊಳ್ಳೋಣ. ಬ್ಲೌಸನ್ನು ಚಪ್ಪಟೆಯಾಗಿ ಹಾಸಿ ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದರೆ 17 ಇಂಚು, ಅಂದರೆ ಎದೆಸುತ್ತು 34. ಇದು ಬಟ್ಟೆಯ ಅಳತೆಯೇ ಹೊರತು ಮೈಯ ಅಳತೆಯಲ್ಲ. ಯಾವುದನ್ನು ಕೊಡುತ್ತಿದ್ದೇವೆಂದು ಬರೆಯದಿದ್ದರೆ ಅರ್ಧ ಜಗಳ ಅಲ್ಲಿಂದಲೇ ಶುರು. ಇನ್ನು ಪಕ್ಕದ ಹೊಲಿಗೆಯ ಒಳಗೆ ಟೈಲರ್ ಬಿಟ್ಟಿರುವ ಮಾರ್ಜಿನ್ ನೋಡಬೇಕು. ಇಲ್ಲಿ ಪ್ರತಿ ಅಂಚಿಗೂ ಒಂದೂಕಾಲು ಇಂಚು ಬಟ್ಟೆ ಇತ್ತು. ಎರಡು ಪಕ್ಕ, ಪಕ್ಕಕ್ಕೆ ಎರಡು ಅಂಚು, ಒಟ್ಟು ನಾಲ್ಕು ಅಂಚು. ಹೊಸ ಹೊಲಿಗೆ ಬಿಚ್ಚಿಕೊಳ್ಳದೆ ನಿಲ್ಲಲು ಅಂಚಿಗೆ ಅರ್ಧ ಇಂಚು ಉಳಿಸಲೇಬೇಕು. ಮಿಕ್ಕಿದ್ದು ಅಂಚಿಗೆ ಮುಕ್ಕಾಲು ಇಂಚಿನಂತೆ ಒಟ್ಟು 3 ಇಂಚು. ಲೆಕ್ಕದ ಪ್ರಕಾರ ಬ್ಲೌಸು 37ರವರೆಗೆ ಸಡಿಲವಾಗಬಹುದು.

ಆದರೂ ಅವಳು 37 ಎಂದು ಬರೆಯಲಿಲ್ಲ, 36 ಎಂದಳು. ಅದು ಸರಿ. ಎದೆ ಸಡಿಲವಾದರೂ ಭುಜದ ಅಗಲ ಬದಲಾಗುವುದಿಲ್ಲ, ಕಂಕುಳಿನ ಸುತ್ತಳತೆಯೂ ಒಂದು ಮಿತಿಯ ಆಚೆಗೆ ಹಿಗ್ಗುವುದಿಲ್ಲ. ಜೊತೆಗೆ ರಾ ಸಿಲ್ಕಿನಲ್ಲಿ ಹಳೆಯ ಹೊಲಿಗೆ ಬಿಚ್ಚಿದ ಕಡೆ ಸೂಜಿಯ ತೂತಿನ ಸಾಲು ಉಳಿದುಬಿಡುತ್ತದೆ. ಇಸ್ತ್ರಿ ಹಾಕಿದರೂ ಪೂರ್ತಿ ಮಾಯವಾಗದು. ಒಳಗೆ ಮಡಚಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಕೊಂಚ ಗಾಢವಾಗಿದ್ದರೆ ಪಕ್ಕದಲ್ಲಿ ಪಟ್ಟೆ ಎದ್ದು ಕಾಣುತ್ತದೆ. ಒಂದಿಂಚು ಬಿಚ್ಚಿದರೆ ತೋಳಿನ ಮರೆಯಲ್ಲಿ ಮುಚ್ಚಿಹೋಗುವ ಈ ಗೆರೆ, ಮೂರಿಂಚು ಬಿಚ್ಚಿದರೆ ಮುಂದಕ್ಕೆ ಬರುತ್ತದೆ. ಚಿಕ್ಕದು ಮಾಡುವುದಕ್ಕೂ ಮಿತಿ ಇದೆ. ಎರಡು ಇಂಚಿಗಿಂತ ಹೆಚ್ಚು ಹಿಡಿದರೆ ಕಸೂತಿಯ ಬಳ್ಳಿ ಪಕ್ಕದ ಹೊಲಿಗೆಯೊಳಗೆ ನುಂಗಿಹೋಗುತ್ತದೆ, ಡಾರ್ಟ್ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಅವಳ ಬ್ಲೌಸಿಗೆ ಒಪ್ಪುವ ಮಾತು: ಬಟ್ಟೆಯ ಎದೆಸುತ್ತು 34, ಬದಲಾಯಿಸಿದರೆ 32ರಿಂದ 36, ಭುಜ 14 ಇಂಚು ಬದಲಾಗದು.

ಲಂಗದ ಕಥೆ ಬೇರೆ. ಸೊಂಟಕ್ಕೆ ಲಾಡಿ ಇದ್ದರೆ ಸೈಜಿನ ವ್ಯಾಪ್ತಿ ತಾನಾಗಿಯೇ ದೊಡ್ಡದು. ಇದರಲ್ಲಿ ಬೆಲ್ಟ್ ಮತ್ತು ಜಿಪ್ ಇದ್ದು, ಹುಕ್ಕು ಸಿಕ್ಕಿಸಲು ಎರಡು ಸಾಲಿದ್ದವು. ಒಂದರಲ್ಲಿ ಸೊಂಟ 30, ಇನ್ನೊಂದರಲ್ಲಿ 31. ಎತ್ತರದ ವಿಷಯದಲ್ಲಿ ಮಾತ್ರ ಹುಷಾರು. ಕೆಳಗಂಚಿನಲ್ಲಿ ಭಾರೀ ಬಾರ್ಡರ್ ಇರುವ ಲೆಹೆಂಗಾವನ್ನು ಗಿಡ್ಡ ಮಾಡಬೇಕಾದಾಗ ಟೈಲರ್ ಕೆಳಗೆ ಕೈ ಹಾಕುವುದಿಲ್ಲ, ಸೊಂಟದ ಕಡೆಯಿಂದಲೇ ಕಡಿಮೆ ಮಾಡುತ್ತಾನೆ. ಮದುವೆಗೆ ಮುಂಚೆ ಹೀಗೆ 44 ಇಂಚಿನ ಲಂಗ 42 ಆಗಿತ್ತು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮಡಚಿ ಹೊಲಿದರೋ, ಕತ್ತರಿಸಿಯೇಬಿಟ್ಟರೋ? ಮಡಚಿದ್ದರೆ ಎರಡಿಂಚು ವಾಪಸು ಸಿಗುತ್ತದೆ. ಕತ್ತರಿಸಿದ್ದರೆ ಮೇಲೆ ಬೇರೆ ಬಟ್ಟೆಯ ಪಟ್ಟಿ ಕೂಡಿಸುವುದೊಂದೇ ದಾರಿ, ಅದೂ ಬ್ಲೌಸು ಉದ್ದವಿದ್ದರಷ್ಟೇ ಮರೆಯಾಗುತ್ತದೆ. ಇವಳದ್ದು ಕತ್ತರಿಸಿದ್ದು. ‘ಆಲ್ಟರ್ ಮಾಡಿಸಿದೆ’ ಎಂದಷ್ಟೇ ಬರೆದಿದ್ದರೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮದುವಣಗಿತ್ತಿ 5 ಅಡಿ 3 ಇಂಚಿನವಳು, ಕಾಲಿಗೆ 3 ಇಂಚಿನ ಹೀಲ್ಸ್ ಇತ್ತು ಎಂಬುದನ್ನೂ ಸೇರಿಸಬೇಕು. ಅಷ್ಟು ಹೇಳಿದರೆ, ಅವಳಿಗಿಂತ ಸಾಕಷ್ಟು ಎತ್ತರದವಳು ಚಪ್ಪಟೆ ಚಪ್ಪಲಿಯಲ್ಲೇ ಇದನ್ನು ಉಡಬಹುದೆಂದು ತಾನೇ ಅಂದಾಜು ಮಾಡಿಕೊಳ್ಳುತ್ತಾಳೆ.

ಲೈನಿಂಗ್ ಎಂಬುದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಆದರೆ ಚರ್ಮಕ್ಕೆ ತಾಗುವುದು ಅದೇ. ಸ್ಯಾಟಿನ್ನೋ, ಕ್ರೇಪೋ, ಕಾಟನ್ನೋ ಹೇಳಬೇಕು. ಏಪ್ರಿಲ್‌ನ ಮದುವೆಗೆ ಅದು ದೊಡ್ಡ ಸಂಗತಿ. ಒಳಗೆ ಘೇರು ನಿಲ್ಲಿಸುವ ಕ್ಯಾನ್‌ಕ್ಯಾನ್ ನೆಟ್ ಎಷ್ಟು ಪದರ, ಅದು ಬಿಚ್ಚಿ ತೆಗೆಯುವಂಥದ್ದೋ ಎಂಬುದೂ ಬೇಕು. ಕುಣಿಯುವಾಗ ಹೀಲ್ಸ್ ಸಿಕ್ಕಿ ಕೆಳಗಂಚಿನ ಹತ್ತಿರ ನೆಟ್ ಹರಿದಿರುವುದು ತೀರಾ ಸಾಮಾನ್ಯ. ಗೆಳತಿಯದ್ದು ಎಡಗಡೆ ಗೇಣುದ್ದ ಹರಿದಿತ್ತು. ಹೊರಗಿನಿಂದ ಏನೇನೂ ಗೊತ್ತಾಗುತ್ತಿರಲಿಲ್ಲ. ಲೈನಿಂಗ್ ಸುತ್ತಲೂ ಮುಚ್ಚಿ ಹೊಲಿದಿದ್ದು ಮಾರ್ಜಿನ್ ಕಾಣದೇ ಹೋದರೆ, ಊಹೆ ಮಾಡಿ ಬರೆಯಬಾರದು. ಸೊಂಟದ ಬಳಿ ನಾಲ್ಕು ಬೆರಳಷ್ಟು ಹೊಲಿಗೆ ಬಿಚ್ಚಿಸಿ ನೋಡಿ ಮತ್ತೆ ಹಾಕಿಸಿದರಾಯಿತು, ಟೈಲರಿಗೆ ಐದು ನಿಮಿಷದ ಕೆಲಸ.

ಕಲೆಗಳ ವಿಷಯದಲ್ಲಿ ‘ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರುವುದಿಲ್ಲ, ಮದುವೆಯ ಮರುದಿನ ಕಂಡದ್ದನ್ನು ಹೇಳುತ್ತಿರುತ್ತಾರೆ. ಜ್ಯೂಸು, ಐಸ್‌ಕ್ರೀಮಿನ ಸಕ್ಕರೆಯ ಹನಿ ಒಣಗಿದಾಗ ಕಾಣುವುದೇ ಇಲ್ಲ. ತಿಂಗಳುಗಟ್ಟಲೆ ಬೀರುವಿನಲ್ಲಿದ್ದಾಗ, ಇಲ್ಲವೇ ಬಿಸಿ ಇಸ್ತ್ರಿ ತಾಗಿದಾಗ, ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಲೌಸಿನ ಕಂಕುಳಿನ ಬೆವರೂ ಹಾಗೇ. ಮೊದಲು ಲೈನಿಂಗಿನಲ್ಲಿ ಹಳದಿ ಉಂಗುರ, ಆಮೇಲೆ ಹೊರಬಟ್ಟೆಗೆ ಬಣ್ಣಗೆಟ್ಟ ಕಲೆ. ಕುತ್ತಿಗೆಯ ಅಂಚಿನಲ್ಲಿ ಫೌಂಡೇಶನ್, ಕೆಳಗಂಚಿನಲ್ಲಿ ಛತ್ರದ ಧೂಳು ಇದ್ದೇ ಇರುತ್ತವೆ. ಅರಿಶಿನವೆಂಬ ಅನುಮಾನ ಬಂದರೆ ಸೋಪು ಹಚ್ಚಲು ಹೋಗಬೇಡಿ, ಕ್ಷಾರ ತಾಗಿದೊಡನೆ ಅರಿಶಿನ ಕೆಂಪಾಗುತ್ತದೆ. ಜರಿ ಕಪ್ಪಿಟ್ಟಿದೆಯೇ ಎಂದೂ ನೋಡಿ. ನೇರವಾಗಿ ಸಿಂಪಡಿಸಿದ ಸೆಂಟು ಅದಕ್ಕೊಂದು ಕಾರಣ.

ಕಲೆಯನ್ನು ಬರೆಯುವಾಗ ಎಲ್ಲಿ, ಎಷ್ಟು ದೊಡ್ಡದು, ಯಾತರದ್ದು, ಡ್ರೈಕ್ಲೀನ್ ಆದ ಮೇಲೂ ಉಳಿದದ್ದೋ, ಉಟ್ಟಾಗ ಕಾಣುತ್ತದೋ ಎಂದು ಹೇಳಬೇಕು. ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ತೆಗೆದ ಫೋಟೋ ಅಳತೆಯ ಕೆಲಸ ಮಾಡುತ್ತದೆ. ಗೆಳತಿ ಕೊನೆಗೆ ಬರೆದದ್ದು ಹೀಗಿತ್ತು: ‘ಬ್ಲೌಸಿನ ಎರಡೂ ಕಂಕುಳಲ್ಲಿ ಲೈನಿಂಗಿಗೆ ಹಳದಿ ಕಲೆ ಇದೆ, ಹೊರಗೆ ಬಂದಿಲ್ಲ. ಲಂಗದ ಹಿಂಭಾಗ, ಬಾರ್ಡರಿನ ಮೇಲೆ ನಾಣ್ಯದಷ್ಟು ಕಂದು ಕಲೆ, ಜ್ಯೂಸಿನದು ಇರಬೇಕು, ಡ್ರೈಕ್ಲೀನಿಗೂ ಹೋಗಿಲ್ಲ, ಮಡಿಕೆಯೊಳಗೆ ಮುಚ್ಚುತ್ತದೆ. ಎಡಗಡೆ ಕ್ಯಾನ್‌ಕ್ಯಾನ್ ಹರಿದಿದೆ. ಉದ್ದ 2 ಇಂಚು ಕತ್ತರಿಸಿದೆ, ವಾಪಸು ಬರದು.’ ತೂಕವನ್ನೂ ಸೇರಿಸಿದಳು. ಲೆಹೆಂಗಾ ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ತೂಕದ ಯಂತ್ರ ಹತ್ತಿ, ವ್ಯತ್ಯಾಸ ಹಿಡಿದರೆ ಸಾಕು.

ಇಷ್ಟಾದರೂ ‘ನನಗೆ ಆಗುತ್ತಾ ಅಕ್ಕಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವಳ ಮೈ ಅಳತೆ ಕೇಳುವುದಕ್ಕಿಂತ, ಅವಳಿಗೆ ಚೆನ್ನಾಗಿ ಕೂರುವ ಬ್ಲೌಸೊಂದನ್ನು ನೆಲಕ್ಕೆ ಹಾಸಿ ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ ಅಳೆದು ಕಳಿಸಲು ಹೇಳಿ. ಹೀಲ್ಸ್ ಹಾಕಿಕೊಂಡು, ಲಂಗ ಕಟ್ಟುವ ಜಾಗದಿಂದ ನೆಲದವರೆಗಿನ ಅಳತೆಯನ್ನೂ ತರಿಸಿಕೊಳ್ಳಿ. ಆ ಮೂರು ಸಂಖ್ಯೆಗಳನ್ನು ನಿಮ್ಮವುಗಳ ಪಕ್ಕ ಇಟ್ಟರೆ, ಟೈಲರ್ ಖರ್ಚು ಎಷ್ಟು ಬೀಳಬಹುದು, ಅದನ್ನು ಬೆಲೆಯಲ್ಲಿ ಯಾರು ಹೊರಬೇಕು ಎಂಬ ಮಾತಿಗೆ ನೇರವಾಗಿ ಇಳಿಯಬಹುದು.