ನಾಣ್ಯ ಎಸೆಯುವ ಮೊದಲು ಬರೆಯಬೇಕಾದ ಸಾಲು

ಚಿಕ್ಕಮ್ಮನ ಮಗಳು ಒಂದು ಭಾನುವಾರ ಮೂರು ನಾಣ್ಯ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಅಕ್ಕ, ನಿನ್ನ ಹತ್ರ ಆ ಚೀನೀ ಪುಸ್ತಕ ಇದೆಯಲ್ಲ, ಒಂದು ವಿಷಯ ಕೇಳ್ಬೇಕಿತ್ತು." ಏನು ವಿಷಯ ಅಂದೆ. "ಅವನಿಗೆ ನಾನಂದ್ರೆ ಇಷ್ಟ ಇದೆಯಾ ಇಲ್ವಾ, ಅಷ್ಟೇ." ಅವನು ಎಂದರೆ ಅವಳ ಆಫೀಸಿನವನು. ಎರಡು ವರ್ಷದಿಂದ ಮಧ್ಯಾಹ್ನದ ಊಟ ಒಟ್ಟಿಗೆ, ರಾತ್ರಿ ಹನ್ನೊಂದರವರೆಗೆ ಮೆಸೇಜು. ಬಾಯಿಬಿಟ್ಟು ಮಾತ್ರ ಇಬ್ಬರೂ ಏನೂ ಹೇಳಿಕೊಂಡಿಲ್ಲ.

ಅವಳು ಹೇಳಿದ ಪುಸ್ತಕ ಐ ಚಿಂಗ್. ರಿಚರ್ಡ್ ವಿಲ್ಹೆಲ್ಮ್ 1924ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದರು. ಆ ಜರ್ಮನ್‌ನಿಂದ 1950ರಲ್ಲಿ ಇಂಗ್ಲಿಷಿಗೆ ಬಂದದ್ದು ನನ್ನ ಕಪಾಟಿನಲ್ಲಿದೆ. ಇದರಲ್ಲಿ ಅರವತ್ನಾಲ್ಕು ಹೆಕ್ಸಾಗ್ರಾಂಗಳಿವೆ, ಅಂದರೆ ಆರು ಗೆರೆಗಳ ಆಕೃತಿಗಳು. ಮೂರು ನಾಣ್ಯಗಳನ್ನು ಆರು ಸಲ ಎಸೆಯಬೇಕು. ಒಂದು ಮುಖಕ್ಕೆ ಮೂರು, ಇನ್ನೊಂದಕ್ಕೆ ಎರಡು ಎಂದು ಲೆಕ್ಕ. ಕೂಡಿದರೆ ಆರು, ಏಳು, ಎಂಟು ಅಥವಾ ಒಂಬತ್ತು ಬರುತ್ತದೆ. ಬೆಸ ಬಂದರೆ ಇಡೀ ಗೆರೆ, ಸರಿ ಬಂದರೆ ನಡುವೆ ಮುರಿದ ಗೆರೆ. ಆರು ಮತ್ತು ಒಂಬತ್ತು ಚಲಿಸುವ ಗೆರೆಗಳು; ಅವು ತಮ್ಮ ವಿರುದ್ಧ ರೂಪಕ್ಕೆ ತಿರುಗಿ ಎರಡನೆಯ ಆಕೃತಿಯನ್ನು ಕೊಡುತ್ತವೆ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಹೋಗಬೇಕು.

ಅವಳಿಗೆ ತಡೆಯಲಾಗಲಿಲ್ಲ, ಎಸೆದೇಬಿಟ್ಟಳು. ಎಂಟು, ಆರು, ಏಳು, ಏಳು, ಏಳು, ಎಂಟು. ಕೆಳಗೆ ಪರ್ವತ, ಮೇಲೆ ಸರೋವರ: ಮೂವತ್ತೊಂದನೆಯ ಹೆಕ್ಸಾಗ್ರಾಂ, ಶಿಯೆನ್. ಇಬ್ಬರ ನಡುವಿನ ಸೆಳೆತದ ಆಕೃತಿ. ಹೆಣ್ಣು ತಂದುಕೊಳ್ಳುವುದು ಶುಭ ಎಂದು ಅದರ ತೀರ್ಪಿನಲ್ಲೇ ಇದೆ. ಓದಿ ಹೇಳುತ್ತಿದ್ದ ಹಾಗೆ ಅವಳು ಕುರ್ಚಿಯಿಂದ ಎದ್ದು ನಿಂತಳು.

"ಕೂತ್ಕೋ, ಎರಡನೇ ಗೆರೆ ಚಲಿಸ್ತಿದೆ" ಅಂದೆ. ಶಿಯೆನ್‌ನಲ್ಲಿ ಸೆಳೆತ ಕಾಲಿನ ಹೆಬ್ಬೆರಳಿನಿಂದ ಶುರುವಾಗಿ ಬಾಯಿಯವರೆಗೆ ದೇಹದಲ್ಲಿ ಏರುತ್ತಾ ಹೋಗುತ್ತದೆ. ಎರಡನೆಯ ಗೆರೆ ಮೀನಖಂಡದ್ದು. ಪಾದ ಹೋದ ಕಡೆ ಹೋಗುವ ಅಂಗ ಅದು, ತನ್ನದೇ ಆದ ನಡೆ ಅದಕ್ಕಿಲ್ಲ. ಅಲ್ಲಿ ಬರೆದಿರುವುದು: ಚಲಿಸಿದರೆ ಕೇಡು, ಇದ್ದಲ್ಲೇ ಇದ್ದರೆ ಒಳ್ಳೆಯದು. ಗೆರೆ ತಿರುಗಿ ಬಂದ ಎರಡನೆಯ ಆಕೃತಿ ಇಪ್ಪತ್ತೆಂಟನೆಯದು. ಅದರ ಚಿತ್ರ, ಭಾರಕ್ಕೆ ಬಾಗುತ್ತಿರುವ ಮನೆಯ ತೊಲೆ.

ಈಗ ಅವಳ ಪ್ರಶ್ನೆಗೆ ಇದು ಹೌದೋ, ಅಲ್ಲವೋ? ಎರಡೂ ಆಗಬಹುದು. ಬೇಕಾದರೆ ಮದುವೆಯ ಮಾತನ್ನು ಹಿಡಿದುಕೊಳ್ಳಬಹುದು, ಭಯವಿದ್ದರೆ ತೊಲೆಯನ್ನು. ನಮ್ಮ ಕಡೆ ದೇವರ ಮುಂದೆ ಹೂ ಕೇಳುವಾಗ ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಆ ಪದ್ಧತಿಗೆ ಹೌದು–ಅಲ್ಲ ಪ್ರಶ್ನೆ ಒಗ್ಗುತ್ತದೆ. ಹೆಕ್ಸಾಗ್ರಾಂ ಹಾಗೆ ಎರಡು ಕಡೆ ಮಾತ್ರ ಬೀಳುವುದಿಲ್ಲ. ಅದು ಒಂದು ಸನ್ನಿವೇಶವನ್ನು ಮುಂದಿಡುತ್ತದೆ, ಅದನ್ನು ಪ್ರಶ್ನೆಯ ಪಕ್ಕದಲ್ಲಿಟ್ಟು ಓದಬೇಕು. ಪ್ರಶ್ನೆ ಮಸುಕಾಗಿದ್ದರೆ ಓದುವವರ ಆಸೆಯೇ ಉತ್ತರ ಹೇಳಿಬಿಡುತ್ತದೆ.

"ಹಂಗಾದ್ರೆ, 'ನಾನು ಹೇಳಲಾ, ಕಾಯಲಾ' ಅಂತ ಕೇಳಿದ್ರೆ?" ಅಂದಳು. ಇದು ಮೊದಲನೆಯದಕ್ಕಿಂತ ವಾಸಿ, ಏಕೆಂದರೆ ಅವನ ಮನಸ್ಸಿನಿಂದ ಅವಳ ಕೈಗೆ ಬಂದಿದೆ. ಆದರೆ ಒಂದು ಪ್ರಶ್ನೆಯೊಳಗೆ ಎರಡು ದಾರಿ ಇಟ್ಟರೆ, ಬಂದ ಆಕೃತಿ ಯಾವ ದಾರಿಯದು ಎಂದು ಹೇಳುವವರು ಯಾರು? ಬಾಗುತ್ತಿರುವ ತೊಲೆ ಹೇಳಿದರೆ ಆಗುವುದೋ, ಕಾದರೆ ಆಗುವುದೋ? ದಾರಿ ಎರಡಿದ್ದರೆ ಒಂದೊಂದಕ್ಕೂ ಬೇರೆ ಪ್ರಶ್ನೆ, ಬೇರೆ ಎಸೆತ.

ಕಾಗದ ಕೊಟ್ಟು ಬರೆಯಲು ಹೇಳಿದೆ. ಮೊದಲು ಪ್ರಶ್ನೆಯನ್ನಲ್ಲ, ನಡೆದಿರುವುದನ್ನು, ಎರಡೇ ಸಾಲಿನಲ್ಲಿ. ಬರೆದಳು: ಎರಡು ವರ್ಷವಾಗಿದೆ, ಇಬ್ಬರೂ ಹೇಳಿಲ್ಲ. ಇಷ್ಟೇನಾ ಅಂದೆ. ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತಾ ಕೂತವಳು ಮೂರನೆಯ ಸಾಲು ಸೇರಿಸಿದಳು: ಜನವರಿಯಲ್ಲಿ ಊರಿಗೆ ಹೆಣ್ಣು ನೋಡಲು ಹೋಗಿದ್ದ, ನನಗೆ ಹೇಳಿರಲಿಲ್ಲ, ಬೇರೆಯವರಿಂದ ಗೊತ್ತಾಯಿತು.

ಇಷ್ಟ ಇದೆಯಾ ಎಂಬ ಪ್ರಶ್ನೆ ಈ ಸಾಲನ್ನು ಮುಚ್ಚಿಟ್ಟಿತ್ತು. ಪ್ರಾಮಾಣಿಕ ಪ್ರಶ್ನೆ ಅಂದರೆ ಇಂಥದ್ದನ್ನು ಒಳಗೆ ಬಿಟ್ಟುಕೊಳ್ಳುವ ಪ್ರಶ್ನೆ. ಗೀಚಿ ತಿದ್ದಿ ಕೊನೆಗೆ ಅವಳು ಬರೆದದ್ದು ಹೀಗಿತ್ತು: "ಹೆಣ್ಣು ನೋಡಿ ಬಂದ ವಿಷಯವನ್ನು ಯುಗಾದಿಯೊಳಗೆ ನಾನೇ ಅವನ ಮುಂದೆ ಎತ್ತಿದರೆ, ನನ್ನ ನಡವಳಿಕೆಯಲ್ಲಿ ಯಾವುದನ್ನು ಗಮನಿಸಿಕೊಳ್ಳಬೇಕು?" ಕೆಲಸ ಅವಳದ್ದು, ದಾರಿ ಒಂದೇ, ಗಡುವು ಇದೆ. ಮುಖ್ಯವಾಗಿ, ಅವಳಿಗೆ ಇಷ್ಟವಾಗದ ಉತ್ತರವೂ ಇದಕ್ಕೆ ಬರಬಹುದು. ಮೀನಖಂಡದ ಗೆರೆ ಇದೇ ಪ್ರಶ್ನೆಗೆ ಬಂದಿದ್ದರೆ, ಅವನು ಕಾಲಿಟ್ಟ ಕಡೆಗೆಲ್ಲ ನೀನು ಎಳೆದುಕೊಂಡು ಹೋಗುತ್ತಿದ್ದೀಯ, ಸ್ವಲ್ಪ ನಿಲ್ಲು ಎಂದು ನೇರವಾಗಿ ತಾಕುತ್ತಿತ್ತು.

ಗಡುವಿನ ಅಭ್ಯಾಸ ಹಳೆಯದು. ಸುಮಾರು 3,200 ವರ್ಷದ ಹಿಂದೆ ಚೀನಾದ ಶಾಂಗ್ ದೊರೆ ವೂ ದಿಂಗ್‌ನ ಕಾಲದಲ್ಲಿ ಆಮೆಯ ಚಿಪ್ಪನ್ನು ಕಾಯಿಸಿ, ಬಿರುಕು ನೋಡಿ ಶಕುನ ಕೇಳುತ್ತಿದ್ದರು. ರಾಣಿ ಫೂ ಹಾವ್ ಗರ್ಭಿಣಿಯಾಗಿದ್ದಾಗ ಕೇಳಿದ ಚಿಪ್ಪು ಉಳಿದುಬಂದಿದೆ. ಹೆರಿಗೆ ಶುಭವಾಗುತ್ತದೆ ಎಂದೊಂದು ವಾಕ್ಯ, ಶುಭವಾಗದಿರಬಹುದು ಎಂದು ಇನ್ನೊಂದು. ಯಾವ ದಿನ ಹೆತ್ತರೆ ಒಳ್ಳೆಯದು ಎಂದು ದೊರೆ ಹೆಸರು ಹಿಡಿದು ಹೇಳಿದ್ದಾನೆ. ಮೂವತ್ತೊಂದು ದಿನದ ಮೇಲೆ ಬೇರೆ ದಿನ ಹೆರಿಗೆಯಾಯಿತು, ಶುಭವಾಗಲಿಲ್ಲ, ಹೆಣ್ಣು ಮಗು ಎಂದು ಫಲವನ್ನೂ ಅದೇ ಚಿಪ್ಪಿನಲ್ಲಿ ಕೆತ್ತಿದ್ದಾರೆ. ಹೆಣ್ಣಾದದ್ದೇ ಅಶುಭ ಎಂಬ ಲೆಕ್ಕ ಆಗಲೂ ಇತ್ತು, ಅದು ಬೇರೆ ಮಾತು. ಕೇಳಿದ್ದನ್ನೂ ಆದದ್ದನ್ನೂ ಒಂದೇ ಕಡೆ ಬರೆದಿಟ್ಟದ್ದನ್ನು ಮಾತ್ರ ನಾವು ಕಲಿಯಬಹುದು. ಪ್ರಶ್ನೆ ಬರೆದ ಚೀಟಿಗೆ ದಿನಾಂಕ ಹಾಕಿ, ಗಡುವು ಮುಗಿದ ಮೇಲೆ ಕೆಳಗೆ ನಡೆದದ್ದನ್ನು ಬರೆಯಿರಿ.

ಟ್ಯಾರೋ ಎಲೆ ತೆಗೆಯುವವರಿಗೂ ಇದೇ ಮಾತು, ಜೊತೆಗೆ ಒಂದು ಎಚ್ಚರಿಕೆ. ಕಟ್ಟಿನಲ್ಲಿ ಎಪ್ಪತ್ತೆಂಟು ಎಲೆಗಳಿವೆ. ಮೂರು ತೆಗೆಯುವುದಾದರೆ ಯಾವ ಎಲೆ ಏನನ್ನು ಹೇಳಬೇಕು ಎಂದು ತೆಗೆಯುವ ಮೊದಲೇ ಬರೆದಿಡಿ: ಮೊದಲನೆಯದು ನಾನು ನೋಡದೆ ಬಿಟ್ಟದ್ದು, ಎರಡನೆಯದು ನಾನು ಹೇಳಬೇಕಾದದ್ದು, ಹೀಗೆ. ತೆಗೆದ ಮೇಲೆ ಹೆಸರಿಟ್ಟರೆ ಪ್ರೇಮಿಗಳ ಎಲೆ ಯಾವಾಗಲೂ ಅವನೇ ಆಗುತ್ತಾನೆ, ಬೀಳುವ ಗೋಪುರ ಯಾವಾಗಲೂ ಅವನ ಅಮ್ಮ.

ಹೊಸ ಪ್ರಶ್ನೆ ಬರೆದ ಕೂಡಲೇ ಇವಳು ಮತ್ತೆ ನಾಣ್ಯಕ್ಕೆ ಕೈ ಹಾಕಿದಳು. ನಾನು ಕೊಡಲಿಲ್ಲ. ಪುಸ್ತಕದ ನಾಲ್ಕನೆಯ ಹೆಕ್ಸಾಗ್ರಾಂ, ಮಂಗ್, ಇದನ್ನೇ ಗದರುತ್ತದೆ: ಮೊದಲ ಸಲ ಕೇಳಿದರೆ ಉತ್ತರ, ಎರಡು ಮೂರು ಸಲ ಪೀಡಿಸಿದರೆ ಇಲ್ಲ. ಒಳಗೊಳಗೇ ಹಳೆಯ ಆಸೆಯನ್ನೇ ಹೊಸ ಮಾತಿನಲ್ಲಿ ಕೇಳುವುದೂ ಪೀಡಿಸುವುದೇ. ನಾಣ್ಯಕ್ಕೆ ಅವನ ಮನಸ್ಸು ಗೊತ್ತು ಎಂದು ನಾನು ನಂಬುವವಳಲ್ಲ, ಆದರೂ ಈ ನಿಯಮ ಪಾಲಿಸುತ್ತೇನೆ. ಎಸೆಯುತ್ತಲೇ ಹೋದರೆ ಬೇಕಾದ ಆಕೃತಿ ಯಾವಾಗಲೋ ಒಮ್ಮೆ ಬಂದೇ ಬರುತ್ತದೆ. ಅವಳು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು ಹೋದಳು. ಯುಗಾದಿಗೆ ಇನ್ನೂ ವಾರವಿರುವಾಗಲೇ ಅವನ ಹತ್ತಿರ ಮಾತಾಡಿದಳು, ಮತ್ತೆ ನಾಣ್ಯ ಎಸೆಯದೆ.

ಎಸೆಯಲೇಬಾರದ ಪ್ರಶ್ನೆಯೊಂದಿದೆ. 'ಅವನು ಬದಲಾಗ್ತಾನಾ' ಎಂದು ಕೇಳುವವರು ಮೊದಲು ಅದರ ಮೇಲೆ ನಡೆದದ್ದನ್ನು ಎರಡು ಸಾಲು ಬರೆಯಲಿ. ಆ ಸಾಲಿನಲ್ಲಿ ಹೊಡೆದ, ಕತ್ತು ಹಿಡಿದ, ಫೋನ್ ಕಿತ್ತುಕೊಂಡ ಎಂದು ಬಂದರೆ ಎಲೆಗಳನ್ನು ಡಬ್ಬಿಗೆ ಹಾಕಿ. ಮಹಿಳಾ ಸಹಾಯವಾಣಿಯ ನಂಬರು 181.